ಗುತ್ತಿನ ಗೇಟು ಮತ್ತು ಹೂವಪ್ಪನ ಬ್ರೇಕು

ನಮ್ಮ ಹೂವಪ್ಪ ಬರಿಗಾಲಿನಲ್ಲಿ ಕಾರು ಬಿಡುತ್ತಿದ್ದ. ಚಪ್ಪಲಿಯನ್ನು ಸೀಟಿನ ಕೆಳಗೆ ಸರಿಸಿ, ಬಾವಿಕಟ್ಟೆಯಲ್ಲಿ ಕಾಲು ತೊಳೆದು, ಒರೆಸಿಕೊಂಡು, ಆಮೇಲೆ ಸ್ಟಿಯರಿಂಗಿನ ಮುಂದೆ ಕೂರುವುದು ಅವನ ಕ್ರಮ. ನೋಡಿದವರು ದೇವರ ಕೋಣೆಗೆ ಹೋಗುವುದಕ್ಕೆ ತಯಾರಾಗಿದ್ದಾನೆ ಎಂದುಕೊಳ್ಳಬೇಕು. ಯಾಕೆ ಹೀಗೆ ಎಂದು ನಾನು ಕೇಳಿದರೆ, "ಚಪ್ಪಲಿ ಹಾಕಿದರೆ ಬ್ರೇಕು ಎಷ್ಟು ಹಿಡಿಯಿತು ಎಂದು ಕಾಲಿಗೆ ಗೊತ್ತಾಗುವುದಿಲ್ಲ ಕುಶಲಕ್ಕ" ಎನ್ನುತ್ತಿದ್ದ. ಆಳು ಗಿಡ್ಡ. ಹಾಗಾಗಿ ಸೀಟಿನ ಮೇಲೆ ಮಡಚಿದ ಗೋಣಿಯೊಂದು ಯಾವಾಗಲೂ ಇರುತ್ತಿತ್ತು. ಗೋಣಿಯ ಮೇಲೆ ಕೂತ ಹೂವಪ್ಪ ನೆಲದಲ್ಲಿ ನಿಂತ ಹೂವಪ್ಪನಿಗಿಂತ ದೊಡ್ಡ ಮನುಷ್ಯನಾಗಿ ಕಾಣುತ್ತಿದ್ದ.

ನಾನು ಹೇಳುತ್ತಿರುವುದು ಸಾವಿರದ ಒಂಬೈನೂರ ಐವತ್ತೆಂಟು, ಐವತ್ತೊಂಬತ್ತರ ಮಾತು. ಇನ್ನಂಜೆಯಲ್ಲಿ ನಮ್ಮದು ಗುತ್ತಿನ ಮನೆ, ಊರಿಗೇ ದೊಡ್ಡ ಮನೆ. ಯಜಮಾನಿಕೆ ನನ್ನ ಅಜ್ಜಿ ಅಮ್ಮಣ್ಣಿಯದು. ತಾಯಿಯ ಕಡೆಯಿಂದ ಮನೆತನ ನಡೆಯುವ ನಮ್ಮಲ್ಲಿ ಅಜ್ಜಿಯ ಮಾತು ಎಂದರೆ ಮುಗಿಯಿತು. ಅವಳ ಅಣ್ಣ ತಮ್ಮಂದಿರು ಮೀಸೆ ತಿರುವುತ್ತಾ ಬಂದವರು ಚಾವಡಿಯ ಮೆಟ್ಟಿಲು ಹತ್ತುವಾಗ ಮೀಸೆ ಬಿಟ್ಟು ಮುಂಡಾಸು ಸರಿಮಾಡಿಕೊಳ್ಳುತ್ತಿದ್ದರು. ನನ್ನ ತಾಯಿ ನಾನು ಹುಟ್ಟಿದ ಮೂರನೆಯ ದಿನ ತೀರಿಕೊಂಡವಳು. ಹಾಗಾಗಿ ನನಗೆ ತಾಯಿ ಅಂದರೂ ಅಜ್ಜಿಯೇ, ಅಜ್ಜಿ ಅಂದರೂ ಅಜ್ಜಿಯೇ. ಸಿಟ್ಟು ಮೂಗಿನ ತುದಿಯಲ್ಲಿ ಇರುವ ಗುಣ ಮಾತ್ರ ನಮ್ಮಿಬ್ಬರಿಗೂ ಸಮ ಸಮ.

ಅಜ್ಜಿ ಒಂದು ಹಳೆಯ ಹಿಲ್‌ಮನ್ ಕಾರು ಕೊಂಡುಕೊಂಡಳು. ಅದರ ಜೊತೆಗೆ ಹೂವಪ್ಪ ಬಂದ. ಅವನು ಮುಂಬೈಯಲ್ಲಿ ಲಾರಿಯ ಕ್ಲೀನರಾಗಿ, ಆಮೇಲೆ ಡ್ರೈವರಾಗಿ ದುಡಿದು, ಅಲ್ಲಿಯ ನೀರು ಹಿಡಿಸದೆ ಊರಿಗೆ ಮರಳಿದವನು. ಹೆಂಡತಿ ಸುಗಂಧಿ ನಮ್ಮದೇ ಒಕ್ಕಲಿನ ಮನೆಯ ಹುಡುಗಿ. ಮಕ್ಕಳಿರಲಿಲ್ಲ. ಅವನ ಪ್ರೀತಿಯೆಲ್ಲ ಅರ್ಧ ಹೆಂಡತಿಗೆ, ಅರ್ಧ ಹಿಲ್‌ಮನ್ನಿಗೆ. ಹೆಚ್ಚಿನ ಅರ್ಧ ಯಾವುದು ಎಂದು ಸುಗಂಧಿ ಆಗಾಗ ಕೇಳುತ್ತಿದ್ದಳು. ಅವನು ಎಲೆಗೆ ಸುಣ್ಣ ಹಚ್ಚುತ್ತಿದ್ದ.

ನಮ್ಮ ಗೇಟಿನ ವಿಷಯ ಹೇಳದೆ ಹೂವಪ್ಪನ ವಿಷಯ ಹೇಳಲು ಆಗುವುದಿಲ್ಲ. ಮನೆಯಂಗಳದಿಂದ ಗೇಟಿನವರೆಗೆ ದಾರಿ ಇಳಿಜಾರು. ಎರಡು ಕಡೆಯೂ ಆಳೆತ್ತರದ ಮುರಕಲ್ಲಿನ ಗೋಡೆ, ಗೋಡೆಯ ಮೇಲೆ ಪೊದೆ. ಗೇಟಿನ ಹೊರಗೇ ಶಿರ್ವದಿಂದ ಕಾಪುವಿಗೆ ಹೋಗುವ ಟಾರು ರಸ್ತೆ. ಅಂಗಳ, ಗದ್ದೆ ಏನೂ ನಡುವೆ ಇಲ್ಲ. ಕಾರಿನ ಮೂಗು ರಸ್ತೆಗೆ ಬಂದಾಗಲೂ ಡ್ರೈವರನ ಕಣ್ಣು ಇನ್ನೂ ಗೋಡೆಯ ಹಿಂದೆಯೇ. ಬಲಗಡೆ ಶಿರ್ವದಿಂದ ಯಾರು ಬರುತ್ತಿದ್ದಾರೆ, ಎಡಗಡೆ ಕಾಪುವಿನಿಂದ ಯಾರು ಬರುತ್ತಿದ್ದಾರೆ ಎಂದು ತಿಳಿಯಬೇಕಾದರೆ ಕಾರು ನಿಲ್ಲಿಸಿ ಇಳಿದು ನೋಡಬೇಕು. ಇಲ್ಲವೇ ಇರುವೆಯಂತೆ ಇಷ್ಟಿಷ್ಟೇ ಮುಂದೆ ಸರಿಯಬೇಕು.

ಹೂವಪ್ಪ ಇವೆರಡನ್ನೂ ಮಾಡುತ್ತಿರಲಿಲ್ಲ. ಮಾಡಲು ಅಜ್ಜಿ ಬಿಡುತ್ತಿರಲಿಲ್ಲ. ಹೊರಟ ಗಾಡಿ ಗೇಟಿನಲ್ಲಿ ನಿಲ್ಲಬಾರದು ಎಂದು ಅವಳ ಕಟ್ಟಪ್ಪಣೆ. ಅದಕ್ಕೆ ಬದಲಾಗಿ ಇಳಿಜಾರಿನ ತಲೆಯಿಂದಲೇ ಹೂವಪ್ಪ ಉದ್ದಕ್ಕೆ ಮೂರು ಸಲ ಹಾರ್ನ್ ಹೊಡೆಯುತ್ತಿದ್ದ. ಆ ಮೂರು ಕೂಗು ಕೇಳಿದರೆ ಇಡೀ ರಸ್ತೆ ನಿಲ್ಲುತ್ತಿತ್ತು. ಎತ್ತಿನ ಗಾಡಿಯವರು ಹಗ್ಗ ಎಳೆಯುತ್ತಿದ್ದರು, ಸೈಕಲಿನವರು ಕಾಲು ಊರುತ್ತಿದ್ದರು, ತಲೆಹೊರೆಯ ಹೆಂಗಸರು ಬದಿಗೆ ಸರಿಯುತ್ತಿದ್ದರು. ಯಾವಾಗಲೂ ಹಾರಿಕೊಂಡೇ ಹೋಗುವ ಸರ್ವಿಸ್ ಬಸ್ಸಿನವರೂ ಬ್ರೇಕು ಒತ್ತುತ್ತಿದ್ದರು. ಗುತ್ತಿನ ಕಾರು ಗಾಳಿಯಂತೆ ಹೊರಬಂದು ಎಡಕ್ಕೆ ತಿರುಗಿ ಕಾಪುವಿನ ಕಡೆಗೆ ಹೋಗಿಬಿಡುತ್ತಿತ್ತು. ಊರಿಗೆ ಅದೊಂದು ಕ್ರಮವೇ ಆಗಿಹೋಗಿತ್ತು. ರಸ್ತೆ ಸರಕಾರದ್ದು, ಕೂಗು ಗುತ್ತಿನದು.

ಹೂವಪ್ಪನಿಗೆ ಇದು ಹಿಡಿಸುತ್ತಿರಲಿಲ್ಲ. ಗೇಟು ದಾಟುವಾಗ ಅವನ ಕಿವಿಯ ಹಿಂದೆ ಬೆವರಿಳಿಯುವುದನ್ನು ಹಿಂದಿನ ಸೀಟಿನಲ್ಲಿ ಕೂತ ನಾನು ನೋಡಿದ್ದೇನೆ. ಆದರೆ ಎದುರಾಡಲು ಅವನು ಯಾರು? ಆ ಕಾರು ಬಿಟ್ಟರೆ ಅವನಿಗೆ ಆ ಸುತ್ತಿನಲ್ಲಿ ಬಿಡಲು ಬೇರೆ ಕಾರೂ ಇರಲಿಲ್ಲ.

ಹಾರ್ನ್ ಕೇಳಿದರೆ ಊರೇ ನಿಲ್ಲುತ್ತದೆ, ಸರಿ. ಕೇಳದವನು ಏನು ಮಾಡಬೇಕು? ಇದನ್ನು ನಮ್ಮಲ್ಲಿ ಯಾರೂ ಯೋಚಿಸಿರಲಿಲ್ಲ.

ರೇಮಂಡ್ ಎಂಬವನು ಮನೆಮನೆಗೆ ಹೋಗಿ ಮಲ್ಲಿಗೆ ಸಂಗ್ರಹ ಮಾಡುತ್ತಿದ್ದ. ಬೆಳಿಗ್ಗೆ ಹೆಂಗಸರು ಮೊಗ್ಗು ಕೊಯ್ದು, ಬಾಳೆಯ ನಾರಿನಲ್ಲಿ ಕಟ್ಟಿ, ಚೆಂಡು ಚೆಂಡಾಗಿ ಎಲೆಯಲ್ಲಿ ಸುತ್ತಿ ಇಟ್ಟಿರುತ್ತಿದ್ದರು. ಅವನು ಅದನ್ನೆಲ್ಲ ಬುಟ್ಟಿಯಲ್ಲಿ ತುಂಬಿ, ಒದ್ದೆ ಬಟ್ಟೆ ಮುಚ್ಚಿ, ಸೈಕಲಿನ ಹಿಂದೆ ಕಟ್ಟಿಕೊಂಡು ಕಾಪುವಿನಲ್ಲಿ ಉಡುಪಿಯ ಬಸ್ಸಿಗೆ ತಲಪಿಸಬೇಕು. ಮಲ್ಲಿಗೆ ಕಾಯುವುದಿಲ್ಲ, ಬಸ್ಸೂ ಕಾಯುವುದಿಲ್ಲ. ಹಿಂದಿನ ವರ್ಷದ ಇಗರ್ಜಿಯ ಹಬ್ಬದಲ್ಲಿ ಗರ್ನಾಲು ಪಟಾಕಿಯೊಂದು ಪಕ್ಕದಲ್ಲೇ ಸಿಡಿದು ಅವನ ಎರಡು ಕಿವಿಯೂ ಹೋಗಿದ್ದವು. ಆದರೂ ಸೈಕಲ್ ಬಿಟ್ಟಿರಲಿಲ್ಲ. ರಸ್ತೆಯ ಎಡಬದಿಯಲ್ಲಿ ಅವನ ಪಾಡಿಗೆ ಅವನು ಸರಿಯಾಗಿ ಹೋಗುತ್ತಿದ್ದ. ಆ ಹೊತ್ತಿಗೆ ನಮ್ಮ ಕಾರು ಹೊರಡುವುದು ಅಪರೂಪವಾದ್ದರಿಂದ ಒಂದು ವರ್ಷ ಏನೂ ಆಗಲಿಲ್ಲ.

ಆಗುವುದು ಒಂದು ಶುಕ್ರವಾರ ಆಯಿತು. ಅಜ್ಜಿ ಮತ್ತು ನಾನು ಉಡುಪಿಗೆ ಹೊರಟಿದ್ದೆವು. ಹೂವಪ್ಪ ಮೂರು ಸಲ ಹಾರ್ನ್ ಹೊಡೆದ. ಕಾರು ಇಳಿಜಾರಿನಲ್ಲಿ ಇಳಿದು ಗೇಟು ದಾಟಿತು. ಬಲಗಡೆಯಿಂದ ಮಲ್ಲಿಗೆಯ ಬುಟ್ಟಿ, ಅದರ ಮುಂದೆ ರೇಮಂಡ್! ಹೂವಪ್ಪ ಬ್ರೇಕಿನ ಮೇಲೆ ನಿಂತೇಬಿಟ್ಟ. ನಾನು ಮುಂದಿನ ಸೀಟಿಗೆ ಹೋಗಿ ಬಡಿದೆ. ಆದರೂ ಬಂಪರ್ ಸೈಕಲಿಗೆ ತಾಗಿತು. ರೇಮಂಡ್ ಆಚೆಯ ಚರಂಡಿಗೆ ಬಿದ್ದ. ಮಲ್ಲಿಗೆ ರಸ್ತೆಯ ತುಂಬ ಚೆಲ್ಲಿ ಹೋಯಿತು.

ಅಜ್ಜಿ ಕಾರಿನಿಂದ ಇಳಿದವಳೇ, "ಹಾರ್ನ್ ಕೇಳಲಿಲ್ಲವಾ ನಿನಗೆ?" ಎಂದು ಕೂಗಿದಳು. ರೇಮಂಡ್ ನೋವಿನಲ್ಲಿ ಮುಖ ಕಿವಿಚಿಕೊಂಡು ಅವಳ ತುಟಿಗಳನ್ನೇ ನೋಡಿದ. ಆಮೇಲೆ ಎಡಗೈಯಿಂದ ತನ್ನ ಕಿವಿ ಮುಟ್ಟಿ, ಇಲ್ಲ ಎಂದು ತಲೆಯಾಡಿಸಿದ. ಅವನ ಬಲಗೈ ಮೊಣಕೈಯ ಕೆಳಗೆ ಸೊಟ್ಟಗೆ ತಿರುಗಿತ್ತು. ಅಜ್ಜಿ ಬಾಯಿ ಮುಚ್ಚಿದಳು. ಅವಳು ಹಾಗೆ ಬಾಯಿ ಮುಚ್ಚಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಹೂವಪ್ಪ ಅವನನ್ನು ಎತ್ತಿ ನಮ್ಮ ಕಾರಿನಲ್ಲೇ ಮಲಗಿಸಿ ಉಡುಪಿಯ ಆಸ್ಪತ್ರೆಗೆ ಸೇರಿಸಿದ. ಬರುವ ದಾರಿಯಲ್ಲಿ ತಾನಾಗಿಯೇ ಕಾಪುವಿನ ಪೊಲೀಸ್ ಠಾಣೆಗೆ ಹೋಗಿ ಹೀಗಾಯಿತು ಎಂದು ಹೇಳಿದ. ಹೆಡ್ ಕಾನ್‌ಸ್ಟೇಬಲ್ ಮರುದಿನ ಬಂದು ಗೇಟು ನೋಡಿದ, ಗೋಡೆ ನೋಡಿದ, ಟಾರಿನ ಮೇಲಿನ ಟಯರಿನ ಗುರುತು ನೋಡಿದ. ಅಜ್ಜಿಯ ತಮ್ಮ, ನನ್ನ ಸಣ್ಣಜ್ಜ, "ಮೂರು ಹಾರ್ನ್ ಹೊಡೆದಿದ್ದಾನೆ. ಮತ್ತೆ ತಪ್ಪು ಯಾರದ್ದು?" ಎಂದು ಕೇಳಿದರು.

"ಹಾರ್ನ್ ಅಂದರೆ ನಾನು ಬರುತ್ತೇನೆ ಎಂದು ತಿಳಿಸುವುದು ಅಷ್ಟೆ. ನೀನು ನಿಲ್ಲು ಎಂದು ಹೇಳುವುದಕ್ಕೆ ಅಲ್ಲ" ಎಂದ ಹೆಡ್ ಕಾನ್‌ಸ್ಟೇಬಲ್. "ಗೇಟಿನಿಂದ ಬರುವವ, ಓಣಿಯಿಂದ ಬರುವವ ದೊಡ್ಡ ರಸ್ತೆಯಲ್ಲಿ ಹೋಗುವವನಿಗೆ ದಾರಿ ಬಿಡಬೇಕು. ಅವ ಬಸ್ಸಿನವನಾಗಲಿ, ಸೈಕಲಿನವನಾಗಲಿ. ರಸ್ತೆ ಖಾಲಿ ಉಂಟು ಎಂದು ಕಣ್ಣಾರೆ ನೋಡಿದ ಮೇಲೆ ಹೊರಗೆ ಬರಬೇಕು."

ಹೂವಪ್ಪ, "ತಪ್ಪು ನನ್ನದೇ" ಎಂದ. ಕೋರ್ಟಿನಲ್ಲಿಯೂ ಅದನ್ನೇ ಹೇಳಿ ದಂಡ ಕಟ್ಟಿ ಬಂದ. ಅಜ್ಜಿಯ ಹೆಸರು ಎತ್ತಲಿಲ್ಲ. ಸ್ಟಿಯರಿಂಗ್ ಇದ್ದದ್ದು ನನ್ನ ಕೈಯಲ್ಲಿ ಅಲ್ವಾ ಎಂದ.

ಅಜ್ಜಿಯೂ ತನ್ನ ಪಾಲಿನದ್ದು ಮಾಡದೆ ಇರಲಿಲ್ಲ. ರೇಮಂಡನ ಕೈ ಗುಣವಾಗುವವರೆಗೆ ಅವನ ಮನೆಗೆ ಅಕ್ಕಿ, ತೆಂಗಿನಕಾಯಿ ಹೋಯಿತು. ಹೊಸ ಸೈಕಲ್ ಹೋಯಿತು. ಒಂದು ಸಂಜೆ ತಾನೇ ಹೋಗಿ ಅವನ ಹೆಂಡತಿ ಸಿಸಿಲಿಯಾಳ ಎದುರು ಕೂತು, "ನನ್ನಿಂದ ಹೀಗಾಯಿತು ಸಿಸಿಲಿಯಾ ಬಾಯಿ" ಎಂದು ಹೇಳಿ ಬಂದಳು. ಇದಿಷ್ಟು ಮಾಡಿದವಳು ಗೇಟಿನಲ್ಲಿ ಕಾರು ನಿಲ್ಲಿಸಲು ಮಾತ್ರ ಸುತರಾಂ ಒಪ್ಪಲಿಲ್ಲ.

ಮುಂದಿನ ಸಲ ಹೊರಟಾಗ ಹೂವಪ್ಪ ಗೇಟಿನಲ್ಲಿ ಕಾರು ನಿಲ್ಲಿಸಿದ. ಅಜ್ಜಿ ಮುಂದಿನ ಸೀಟಿನ ಬೆನ್ನನ್ನು ಎರಡು ಕೈಯಲ್ಲೂ ಹಿಡಿದುಕೊಂಡಳು.

"ಎಂತ ಮಾಡಿದೆ ನೀನು? ಯಾಕೆ ನಿಲ್ಲಿಸಿದೆ?"

"ಇಳಿದು ನೋಡುತ್ತೇನೆ ಅಮ್ಮ. ಒಂದೇ ನಿಮಿಷ."

"ನೋಡುವುದು ಬೇಡ. ತಿರುಗಿಸು ಕಾರು!"

ಅವತ್ತಿನ ಪ್ರಯಾಣ ಅಲ್ಲಿಗೇ ನಿಂತಿತು. ಅಜ್ಜಿ ಇಳಿದು, ಇಳಿಜಾರು ಹತ್ತಿ, ಮನೆಗೆ ನಡೆದೇ ಹೋದಳು. ವಾರ ಬಿಟ್ಟು ಮತ್ತೆ ಹೊರಟಳು. ಹೂವಪ್ಪ ಮತ್ತೆ ನಿಲ್ಲಿಸಿದ. ಮತ್ತೆ ಅದೇ ಕತೆ. ಆ ಸಂಜೆ ಅಜ್ಜಿ ಅವನನ್ನು ಚಾವಡಿಗೆ ಕರೆದಳು.

"ನಿಲ್ಲಿಸದೆ ಹೋಗುತ್ತಿಯೋ, ಇಲ್ಲವೋ?"

"ಇಲ್ಲ ಅಮ್ಮ. ನನ್ನಿಂದ ಇನ್ನು ಆಗುವುದಿಲ್ಲ. ಆ ಮಲ್ಲಿಗೆಯ ಮೇಲೆ ಟಯರು ಹೋದದ್ದು ಇನ್ನೂ ಕಣ್ಣಿಗೆ ಕಟ್ಟುತ್ತದೆ. ನಾಳೆ ಅಲ್ಲಿ ಒಂದು ಮಗು ಇದ್ದರೆ?"

"ಹಾಗಾದರೆ ಬೀಗದಕೈ ಇಲ್ಲಿಡು."

ಅವನು ಬೀಗದಕೈಯನ್ನು ಅಂಗಿಯ ತುದಿಯಿಂದ ಒರೆಸಿ ಅವಳ ಪಕ್ಕದಲ್ಲಿಟ್ಟು ಹೋದ. ಅಂಗಳ ದಾಟುವಾಗ ಕಾರಿನ ಕಡೆಗೆ ತಿರುಗಿಯೂ ನೋಡಲಿಲ್ಲ. ತಿರುಗಿದ್ದರೆ ಅತ್ತುಬಿಡುತ್ತಿದ್ದ ಎಂದು ಸುಗಂಧಿ ಆಮೇಲೆ ಹೇಳಿದಳು.

ನನಗೆ ಉರಿದುಹೋಯಿತು. ನಾನು ಅಜ್ಜಿಯ ಮೇಲೆ ಹರಿಹಾಯ್ದೆ. ಇದೆಲ್ಲ ಗುತ್ತಿನ ಜಂಬ, ದಾರಿಹೋಕರು ನಮಗೆ ದಾರಿ ಬಿಡಬೇಕು, ನಾವು ಯಾರಿಗೂ ಬಿಡಬಾರದು, ಅದೇ ಅಲ್ವಾ ನಿನ್ನ ಮನಸ್ಸಿನಲ್ಲಿರುವುದು ಎಂದು ಕೇಳಿದೆ. ಊರವರೂ ಹಾಗೆಯೇ ತಿಳಿದಿದ್ದರು. ಅಜ್ಜಿ ಎಂದಿನಂತೆ ತಿರುಗಿ ಬೈಯುತ್ತಾಳೆ ಎಂದು ನಾನು ಸೊಂಟ ಕಟ್ಟಿ ನಿಂತಿದ್ದೆ. ಅವಳು ಬೈಯಲಿಲ್ಲ.

"ನಿನ್ನ ಅಮ್ಮನಿಗೆ ನೋವು ಶುರುವಾದಾಗ ಎತ್ತಿನ ಗಾಡಿಯಲ್ಲಿ ಉಡುಪಿಗೆ ಹೊರಟೆವು" ಎಂದಳು. "ಗೇಟಿಗೆ ಬರುವಾಗ ರಸ್ತೆಯಲ್ಲಿ ಹಂಚಿನ ಗಾಡಿಗಳ ಸಾಲು. ನಮ್ಮ ಗಾಡಿ ನಿಂತಿತು. ಒಂದು ಹೋಗುತ್ತದೆ, ಇನ್ನೊಂದು ಬರುತ್ತದೆ. ಅವಳು ನನ್ನ ಕೈ ಹಿಡಿದುಕೊಂಡು, ಅಮ್ಮ, ಯಾಕೆ ನಿಂತದ್ದು, ಅಮ್ಮ, ಯಾಕೆ ನಿಂತದ್ದು ಎಂದು ಕೇಳುತ್ತಿದ್ದಳು. ನಾನು ಏನೂ ಹೇಳಲಿಲ್ಲ."

ನನಗೆ ಇದು ಗೊತ್ತಿರಲಿಲ್ಲ. ತಾಯಿ ಸತ್ತದ್ದು ಬಾಣಂತಿ ಜ್ವರದಿಂದ ಎಂದು ಗೊತ್ತಿತ್ತು. ಗೇಟಿನಲ್ಲಿ ನಿಂತದ್ದಕ್ಕೂ ಮೂರು ದಿನ ಬಿಟ್ಟು ಬಂದ ಸಾವಿಗೂ ಏನು ಸಂಬಂಧ? ಏನೂ ಇಲ್ಲ. ಅದು ಅಜ್ಜಿಗೂ ಗೊತ್ತಿತ್ತು. ಆದರೆ ಮಗಳನ್ನು ಕಳೆದುಕೊಂಡವಳಿಗೆ ಲೆಕ್ಕ ಹೇಳಿ ಸಮಾಧಾನ ಮಾಡಲು ಆಗುತ್ತದೆಯೇ? ಇಪ್ಪತ್ತಮೂರು ವರ್ಷ ಅವಳು ಆ ಗೇಟನ್ನು ನಿಲ್ಲದೆ ದಾಟಿದ್ದಳು. ಊರು ಅದನ್ನು ದರ್ಪ ಎಂದುಕೊಂಡಿತು, ನಾನೂ ಎಂದುಕೊಂಡೆ. ನಾನು ಅವಳ ಮಡಿಲಿನಲ್ಲಿ ಮುಖವಿಟ್ಟು ಅತ್ತೆ.

ಕಾರಿನ ಮೇಲೆ ಹಳೆಯ ಹೊದಿಕೆ ಬಿತ್ತು. ಹೂವಪ್ಪ ಸುಗಂಧಿಯ ತಮ್ಮನ ಜೊತೆ ಗದ್ದೆ ಕೆಲಸಕ್ಕೆ ಇಳಿದ. ಗದ್ದೆಯ ಬದುವಿನ ಮೇಲೆ ನಡೆಯುವಾಗಲೂ ತಿರುವಿನಲ್ಲಿ ನಿಂತು ಬಲಕ್ಕೆ, ಎಡಕ್ಕೆ ನೋಡುತ್ತಾನೆ ಎಂದು ಜನ ನಗಾಡಿದರು. ನಾನು ಅವನ ಮನೆಗೆ ಹೋಗಿ ಅಜ್ಜಿ ಹೇಳಿದ್ದನ್ನೆಲ್ಲ ಹೇಳಿದೆ. ಸುಗಂಧಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು.

"ಅಮ್ಮ ನನಗೆ ಮೊದಲೇ ಹೇಳಬಹುದಿತ್ತು" ಎಂದ ಹೂವಪ್ಪ. "ನಾನು ಅವರನ್ನು ತಪ್ಪು ತಿಳಿದೆ. ಆದರೆ ಕುಶಲಕ್ಕ, ನಿಲ್ಲಿಸದೆ ಹೋಗಲಿಕ್ಕೆ ಈಗಲೂ ನನ್ನಿಂದ ಆಗುವುದಿಲ್ಲ."

"ನಿಲ್ಲಬಾರದು ಎಂದು ಅವಳು, ನಿಲ್ಲಬೇಕು ಎಂದು ನೀನು. ನಾನು ಎಲ್ಲಿಗೆ ಹೋಗಿ ತಲೆ ಚಚ್ಚಿಕೊಳ್ಳಲಿ ಮಾರಾಯ?"

ಸುಗಂಧಿ ಒಲೆಯ ಮುಂದಿನಿಂದ ತಲೆ ಎತ್ತಿದಳು. "ಅಮ್ಮ ಕಾರಿನಲ್ಲಿ ಕೂತು ಹೊರಟ ಮೇಲೆ ತಾನೇ ನಿಲ್ಲಬಾರದ್ದು? ಅಮ್ಮ ಕೂರದೆ ಇದ್ದರೆ ಅದು ಹೊರಟ ಗಾಡಿ ಹೇಗೆ ಆಗುತ್ತದೆ?"

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದರೆ ಇದು. ಮರುದಿನ ಹೂವಪ್ಪ ಚಾವಡಿಯ ಕೆಳಗೆ ನಿಂತು ಅಜ್ಜಿಗೆ ಹೇಳಿದ. ಖಾಲಿ ಕಾರನ್ನು ನಾನು ಗೇಟಿನವರೆಗೆ ತರುತ್ತೇನೆ. ಅಲ್ಲಿ ನಿಲ್ಲಿಸಿ, ಇಳಿದು, ಎರಡು ಕಡೆಯೂ ನೋಡಿ, ಬರುವವರೆಲ್ಲ ಹೋದ ಮೇಲೆ ಹೊರಗೆ ತೆಗೆದು, ಸ್ವಲ್ಪ ಮುಂದೆ ಧೂಪದ ಮರದ ಕೆಳಗೆ ರಸ್ತೆಯ ಎಡಬದಿಯಲ್ಲಿ ಇಡುತ್ತೇನೆ. ನೀವು ಅಲ್ಲಿಗೆ ನಡೆದು ಬಂದು ಕೂತುಕೊಳ್ಳಿ. ಪ್ರಯಾಣ ಅಲ್ಲಿಂದಲೇ ಶುರುವಾಗಲಿ.

ಗುತ್ತಿನ ಯಜಮಾನಿ ಬಸ್ಸಿಗೆ ಹೋಗುವವರ ಹಾಗೆ ರಸ್ತೆಗೆ ನಡೆದು ಹೋಗುವುದು! ನನ್ನ ಸಣ್ಣಜ್ಜ ಕೆಮ್ಮಿದರು. ಅಜ್ಜಿ ಅವರ ಕಡೆ ನೋಡಲಿಲ್ಲ. ಮಂಡಿಗಳ ಮೇಲೆ ಕೈ ಇಟ್ಟುಕೊಂಡು, "ಇಳಿಜಾರಿನಲ್ಲಿ ನನ್ನ ಕಾಲು ನೋಯುತ್ತದೆ" ಎಂದಳು.

"ನಾನು ಕೈ ಹಿಡಿಯುತ್ತೇನೆ ಅಮ್ಮ."

"ನೀನು ಕಾರಿನಲ್ಲಿ ಇರುತ್ತಿ ಅಲ್ವಾ? ನನ್ನ ಕೈ ಸುಗಂಧಿ ಹಿಡಿಯಲಿ" ಎಂದು ಬೀಗದಕೈ ಅವನ ಕಡೆ ದೂಡಿದಳು.

ಅಂದಿನಿಂದ ಹಾಗೆಯೇ ನಡೆಯಿತು. ಅಜ್ಜಿ ಸುಗಂಧಿಯ ಕೈ ಹಿಡಿದು ಇಳಿಜಾರು ಇಳಿದು ಬರುತ್ತಿದ್ದಳು. ಹೂವಪ್ಪ ರಸ್ತೆಯಲ್ಲಿ ಹೋಗುವವರಿಗೆಲ್ಲ ದಾರಿ ಬಿಟ್ಟು ಕಾರು ಹೊರಗೆ ತೆಗೆಯುವುದು ತಡವಾದರೆ ಅವಳು ಗೇಟಿನ ಒಳಗೆ ಕಲ್ಲಿನ ಮೇಲೆ ಕೂತು ಕಾಯುತ್ತಿದ್ದಳು. ಇದರಿಂದ ಒಂದು ವಿಚಿತ್ರವಾಯಿತು. ಅಷ್ಟು ವರ್ಷ ಗಾಳಿಯಂತೆ ದಾಟಿದ ರಸ್ತೆಯನ್ನು ಅಜ್ಜಿ ಮೊದಲ ಸಲ ಕೂತು ನೋಡಿದಳು. ಯಾರು ಎಷ್ಟು ಹೊತ್ತಿಗೆ ಹೋಗುತ್ತಾರೆ, ಯಾರ ತಲೆಯ ಮೇಲೆ ಏನಿದೆ, ಯಾರ ಎತ್ತು ಕುಂಟುತ್ತದೆ ಎಲ್ಲವೂ ಅವಳಿಗೆ ಗೊತ್ತಾಗತೊಡಗಿತು. ಮೀನಿನ ಹೆಂಗಸರು ನಿಂತು ಮಾತಾಡಿಸಿ ಹೋಗುತ್ತಿದ್ದರು. ಕೈ ಗುಣವಾದ ರೇಮಂಡ್ ಬಂದರೆ ಅಜ್ಜಿ ದೂರದಿಂದಲೇ ಕೈ ಎತ್ತಿ ಹೂವಪ್ಪನಿಗೆ, "ತಡಿ, ಮಲ್ಲಿಗೆ ಬಂತು" ಎನ್ನುತ್ತಿದ್ದಳು. ರೇಮಂಡ್ ಬೆಲ್ ಹೊಡೆದು ನಗುತ್ತಾ ಹೋಗುತ್ತಿದ್ದ. ಒಮ್ಮೊಮ್ಮೆ ಹೊರಡುವ ಕೆಲಸವಿಲ್ಲದ ದಿನವೂ ಅವಳು ಹೋಗಿ ಆ ಕಲ್ಲಿನ ಮೇಲೆ ಕೂರುವುದನ್ನು ನಾನು ನೋಡಿದ್ದೇನೆ.

ನನಗೆ ಮದುವೆಯಾಯಿತು. ಗಂಡ ಮುಂಬೈಯಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದರು. ಚೊಚ್ಚಲ ಬಸುರಿಗೆ ನಾನು ಇನ್ನಂಜೆಗೆ ಬಂದೆ. ಅಜ್ಜಿ ಆ ತಿಂಗಳುಗಳಲ್ಲಿ ಅರ್ಧ ಊಟ ಮಾಡಿದಳು. ಹೂವಪ್ಪ ದಿನಾ ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡಿ ನೋಡುತ್ತಿದ್ದ. ಎಲ್ಲರ ಮನಸ್ಸಿನಲ್ಲೂ ಒಂದೇ ಪ್ರಶ್ನೆ ಇತ್ತು: ನೋವು ಬಂದ ದಿನ ಗೇಟಿನಲ್ಲಿ ಏನು ಮಾಡುವುದು? ಯಾರೂ ಬಾಯಿಬಿಟ್ಟು ಕೇಳಲಿಲ್ಲ. ನಾನು ಮಾತ್ರ ಒಮ್ಮೆ ಹೂವಪ್ಪನ ಹತ್ತಿರ, "ನಾನೂ ಧೂಪದ ಮರದವರೆಗೆ ನಡೆದು ಬರುತ್ತೇನೆ ಬಿಡು" ಎಂದು ನಗಾಡಿದ್ದೆ.

ನಡೆಯುವುದು ಎಲ್ಲಿಂದ ಬಂತು? ಒಂದು ಬೆಳಿಗ್ಗೆ ಗಂಜಿ ಉಣ್ಣುತ್ತಿರುವಾಗಲೇ ನೀರು ಹೋಯಿತು. ಹಿಂದೆಯೇ ನೋವು ಬಂತು, ಅದೂ ಅಂತಿಂಥ ನೋವಲ್ಲ. ಊರಿನ ಸೂಲಗಿತ್ತಿ ಹೊಟ್ಟೆ ಮುಟ್ಟಿ ನೋಡಿ, "ಮಗು ಅಡ್ಡ ಉಂಟು, ಇದು ನನ್ನ ಕೈಯಲ್ಲಿ ಆಗುವುದಲ್ಲ, ಉಡುಪಿಗೆ ಹೋಗಿ" ಎಂದಳು. ನಾಲ್ಕು ಜನ ಚಾಪೆ ಸಮೇತ ನನ್ನನ್ನು ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದರು. ತಲೆ ಅಜ್ಜಿಯ ಮಡಿಲಿನಲ್ಲಿ. ಸುಗಂಧಿ ಮುಂದೆ ಕೂತಳು. ಹೂವಪ್ಪ ಕಾಲು ತೊಳೆಯಲು ಹೋಗಲಿಲ್ಲ. ಚಪ್ಪಲಿ ಅಂಗಳದಲ್ಲೇ ಬಿಟ್ಟ.

ಕಾರು ಹೊರಟಿತು. ನಾವು ಕೂತು ಹೊರಟ ಕಾರು. ಇಳಿಜಾರಿನಲ್ಲಿ ಇಳಿಯುವಾಗ ನೋವಿನ ನಡುವೆಯೂ ನಾನು ಅಜ್ಜಿಯ ಮುಖವನ್ನೇ ನೋಡುತ್ತಿದ್ದೆ. ಅವಳು ನನ್ನ ಕೈ ಹಿಡಿದುಕೊಂಡಿದ್ದಳು. ಎಲ್ಲೋ ಬಲಗಡೆಯಿಂದ ಬಸ್ಸಿನ ಸದ್ದು ಕೇಳಿಸಿತು. ಶಿರ್ವದಿಂದ ಬರುವ ಬೆಳಗಿನ ಸರ್ವಿಸ್ ಬಸ್ಸು. ಇನ್ನೂ ದೂರದಲ್ಲಿದೆಯೋ, ಗೋಡೆಯ ಹಿಂದೆಯೇ ಇದೆಯೋ ಹೇಳಲಾಗದ ಸದ್ದು.

ಹೂವಪ್ಪ ಹಾರ್ನ್ ಹೊಡೆಯಲಿಲ್ಲ. ಅವನ ಕಿವಿಯ ಹಿಂದೆ ಬೆವರು ಧಾರೆಯಾಗಿ ಇಳಿಯಿತು.

"ನಿಲ್ಲಿಸು ಹೂವಪ್ಪ" ಎಂದಳು ಅಜ್ಜಿ.

ಕಾರು ನಿಂತಿತು. ಅದೇ ಗೇಟಿನಲ್ಲಿ. ನನ್ನ ಬಾಯಿಂದ ನನಗೇ ತಿಳಿಯದೆ, "ಅಜ್ಜಿ, ಯಾಕೆ ನಿಂತದ್ದು?" ಎಂದು ಬಂತು. ಅಜ್ಜಿ ಬಗ್ಗಿ ನನ್ನ ಹಣೆಗೆ ಹಣೆ ತಾಗಿಸಿದಳು.

"ಬಸ್ಸು ಬರುತ್ತಾ ಉಂಟು ಮಗಾ. ಅದರಲ್ಲಿ ತುಂಬಾ ಜನ ಇರುತ್ತಾರೆ. ಅದು ಹೋಗಲಿ. ನಾವು ಹಿಂದೆಯೇ ಹೋಗುವ. ನಾನು ಇಲ್ಲೇ ಇದ್ದೇನೆ."

ಆ ಮಾತು ಮುಗಿಯುವ ಮೊದಲೇ ಬಸ್ಸು ಗೇಟಿನ ಮುಂದೆ ಭರ್ರೆಂದು ಹೋಯಿತು. ನಮ್ಮ ಬಂಪರಿಗೂ ಅದಕ್ಕೂ ನಡುವೆ ಒಂದು ಆಳು ನಿಲ್ಲುವಷ್ಟು ಜಾಗ. ನಿಲ್ಲಿಸದೆ ಹೋಗಿದ್ದರೆ ಈ ಕತೆ ಹೇಳಲು ನಾನು ಇರುತ್ತಿರಲಿಲ್ಲ. ಸುಗಂಧಿ ಆಗಲೇ ಕೆಳಗಿಳಿದು ರಸ್ತೆಯ ಅಂಚಿಗೆ ಓಡಿದ್ದಳು. ಬಲಕ್ಕೆ ನೋಡಿದಳು, ಎಡಕ್ಕೆ ನೋಡಿದಳು. ಕಾಪುವಿನ ಕಡೆಯಿಂದ ಬರುತ್ತಿದ್ದ ಒಂದು ಎತ್ತಿನ ಗಾಡಿಯನ್ನು ಹೋಗಲು ಬಿಟ್ಟು, ಮತ್ತೊಮ್ಮೆ ಬಲಕ್ಕೆ ನೋಡಿ, ಬನ್ನಿ ಎಂದು ಕೈ ಬೀಸಿದಳು. ಹೂವಪ್ಪ ಅವಳ ಕೈಯನ್ನಷ್ಟೇ ನಂಬದೆ, ತಾನೂ ಕುತ್ತಿಗೆ ಚಾಚಿ ನೋಡುತ್ತಾ, ಮೆಲ್ಲಗೆ ಮೂಗು ಹೊರಹಾಕಿ ಎಡಕ್ಕೆ ತಿರುಗಿಸಿದ. ಓಡಿ ಬಂದ ಹೆಂಡತಿಯನ್ನು ಹತ್ತಿಸಿಕೊಂಡು ಆಮೇಲೆ ಬಿಟ್ಟ ನೋಡಿ ಕಾರು! ಹಾಗೆ ಓಡಿದ್ದನ್ನು ಆ ಹಿಲ್‌ಮನ್ನೂ ತನ್ನ ಜನ್ಮದಲ್ಲಿ ಕಂಡಿರಲಿಕ್ಕಿಲ್ಲ.

ಉಡುಪಿಯ ಆಸ್ಪತ್ರೆಯಲ್ಲಿ ಮಧ್ಯಾಹ್ನ ಹೊಟ್ಟೆ ಕೊಯ್ದು ಮಗುವನ್ನು ತೆಗೆದರು. ಹೆಣ್ಣು. ಆರೋಗ್ಯವಾಗಿದ್ದಳು, ನಾನೂ ಬದುಕಿದೆ. ಮೂರನೆಯ ದಿನ ಕಳೆಯುವವರೆಗೆ ಅಜ್ಜಿ ನನ್ನ ಮಂಚದ ಪಕ್ಕದಿಂದ ಕದಲಲಿಲ್ಲ. ನಾಲ್ಕನೆಯ ಬೆಳಿಗ್ಗೆ ನನ್ನ ಹಣೆ ಮುಟ್ಟಿ ನೋಡಿ, ಜ್ವರವಿಲ್ಲ ಎಂದು ಖಾತ್ರಿ ಮಾಡಿಕೊಂಡು, ಹೂವಪ್ಪನನ್ನು ಒಳಗೆ ಕರೆಸಿದಳು. ಅವನು ಮೂರು ದಿನವೂ ಹೊರಗೆ ಕಾರಿನಲ್ಲೇ ಇದ್ದ. ಬರಿಗಾಲು, ಬಾಡಿದ ಮುಖ. ಬಾಗಿಲಲ್ಲೇ ನಿಂತ.

"ಒಳಗೆ ಬಾ. ಮಗು ನೋಡು."

ಅವನು ನೋಡಿದ. ಕಣ್ಣು ತುಂಬಿ ಬಂತು. ಆಮೇಲೆ ನೆಲ ನೋಡುತ್ತಾ, "ಅಮ್ಮ, ಒಂದು ಮಾತು ಹೇಳಲಿಕ್ಕುಂಟು" ಎಂದ. "ಅವತ್ತು ಗೇಟಿನಲ್ಲಿ ನೀವು ನಿಲ್ಲಿಸು ಎನ್ನುವ ಮೊದಲೇ ನನ್ನ ಕಾಲು ಬ್ರೇಕಿನ ಮೇಲೆ ಇತ್ತು. ನೀವು ಬೇಡ ಎಂದಿದ್ದರೂ ನಾನು ನಿಲ್ಲಿಸುತ್ತಿದ್ದೆ. ಕೋಪ ಮಾಡಬೇಡಿ."

ಅಜ್ಜಿ ಮಗುವನ್ನು ಎತ್ತಿ, ಬಟ್ಟೆ ಸರಿಮಾಡಿ, ಮಕ್ಕಳನ್ನು ಹಿಡಿದು ಅಭ್ಯಾಸವಿಲ್ಲದ ಅವನ ಎರಡು ಕೈಗಳ ಮೇಲೆ ಮಲಗಿಸಿದಳು.

"ನನಗೆ ಗೊತ್ತಿತ್ತು ಮಾರಾಯ" ಎಂದಳು. "ಗೊತ್ತಿಲ್ಲದಿದ್ದರೆ ಇವಳ ಅಮ್ಮನನ್ನು ನಿನ್ನ ಕಾರಿನಲ್ಲಿ ಮಲಗಿಸುತ್ತಿದ್ದೆನಾ?"